ಡಾಕ್ಟರು ಕೊನೆಗೆ ಹೇಳಿದ್ದೇನು?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇತ್ತೀಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಅಪ್ಪನನ್ನೋ ಅಮ್ಮನನ್ನೋ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆವು, ಅವರನ್ನು ಕೇಳಿಯೇ ಮಾತನ್ನೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆವು, ಈಗ ಅದನ್ನು ಏನು ಮಾಡಬೇಕು ಎಂಬ ಪ್ರಶ್ನೆ ಅದು. ಹತ್ತು ಹದಿನೈದು ನಿಮಿಷದ ಮಾತು. ನಡುವೆ ಫ್ಯಾನಿನ ಸದ್ದು, ಬಿಪಿ ಪಟ್ಟಿಗೆ ಗಾಳಿ ತುಂಬುವ ಸದ್ದು, ಊರಿನ ಮಳೆಯ ವಿಚಾರ. ಔಷಧಿಯ ವಿಷಯ ಅಲ್ಲೊಂದು ಇಲ್ಲೊಂದು ತುಣುಕಾಗಿ ಬಂದಿರುತ್ತದೆ. ಇದನ್ನು ಅಮ್ಮ ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡು ನೋಡಿಕೊಳ್ಳುವಂಥ ಒಂದು ಹಾಳೆಗೆ ಇಳಿಸುವುದು ಹೇಗೆ?

ಔಷಧಿ ಅಂಗಡಿಯ ಕೌಂಟರಿನ ಹಿಂದೆ ಬಹಳ ವರ್ಷ ನಿಂತವನು ನಾನು. ಚೀಟಿ ಕೈಯಲ್ಲಿ ಹಿಡಿದು ಬಂದವರು "ಡಾಕ್ಟರು ಇನ್ನೂ ಏನೋ ಹೇಳಿದ್ರು, ಮರೆತುಹೋಯ್ತು" ಎನ್ನುವುದನ್ನು ದಿನವೂ ಕೇಳುತ್ತಿದ್ದೆ. ಇದು ಅವರ ತಪ್ಪಲ್ಲ. ರಾಯ್ ಕೆಸೆಲ್ಸ್ ಎಂಬ ಸಂಶೋಧಕರು 2003ರಲ್ಲಿ ಬರೆದ ಒಂದು ಲೇಖನದ ಪ್ರಕಾರ, ವೈದ್ಯರು ಹೇಳಿದ್ದರಲ್ಲಿ ಶೇಕಡ 40ರಿಂದ 80ರಷ್ಟನ್ನು ರೋಗಿ ಕೂಡಲೇ ಮರೆಯುತ್ತಾನೆ. ನೆನಪಿದೆ ಅಂದುಕೊಂಡದ್ದರಲ್ಲೂ ಸುಮಾರು ಅರ್ಧ ತಪ್ಪಾಗಿರುತ್ತದೆ. ಚೀಟಿ ಇದೆಯಲ್ಲ ಎನ್ನಬಹುದು. ಆದರೆ ಚೀಟಿಯಲ್ಲಿ ಕೊಳ್ಳಬೇಕಾದ ಮಾತ್ರೆಗಳಿರುತ್ತವೆ. ಯಾವುದನ್ನು ನಿಲ್ಲಿಸಬೇಕು, ಯಾವುದರ ಜೊತೆ ಯಾವುದು ಬೇಡ, ಏನಾದರೆ ಫೋನ್ ಮಾಡಬೇಕು ಎಂಬುದೆಲ್ಲ ಬಾಯಿಮಾತಿನಲ್ಲೇ ಮುಗಿದುಹೋಗಿರುತ್ತದೆ. ರೆಕಾರ್ಡಿಂಗ್ ಬೇಕಾಗುವುದು ಅದಕ್ಕೆ.

ಒಂದು ನಿಜವಾದ ರೆಕಾರ್ಡಿಂಗನ್ನೇ ಎದುರಿಗಿಟ್ಟುಕೊಂಡು ಹೇಳುತ್ತೇನೆ. ಹಾಸನದ ಕಡೆ ಇರುವ ನನ್ನ ಸೋದರತ್ತೆಗೆ 68 ವರ್ಷ. ಶುಗರ್, ಬಿಪಿ, ಥೈರಾಯ್ಡ್ ಮೂರೂ ಇವೆ, ಜೊತೆಗೆ ಮಂಡಿ ನೋವು. ಮಗ ಪುಣೆಯಲ್ಲಿದ್ದಾನೆ. ಅವನು ರಜೆಗೆ ಬಂದಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಮಾತನ್ನು ರೆಕಾರ್ಡ್ ಮಾಡಿ, ನನಗೆ ಕಳಿಸಿದ. ಹನ್ನೊಂದು ನಿಮಿಷದ್ದು. ಅತ್ತೆಯ ಒಪ್ಪಿಗೆ ಪಡೆದೇ ಅದರ ವಿವರಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ರೆಕಾರ್ಡಿಂಗ್ ಹಚ್ಚುವ ಮೊದಲೇ ಮಾಡಬೇಕಾದ ಕೆಲಸವೊಂದಿದೆ. ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ತಂದು ಮೇಜಿನ ಮೇಲೆ ಸಾಲಾಗಿ ಇಡಬೇಕು. ಫ್ರಿಜ್ಜಿನ ಮೇಲಿರುವುದು, ಪರ್ಸಿನಲ್ಲಿರುವುದು, ದೇವರ ಮನೆಯ ಗೂಡಿನಲ್ಲಿರುವುದು, ಎಲ್ಲವನ್ನೂ. ನಾನು ಹೇಳಿದಂತೆ ಮಗ ತಂದಿಟ್ಟಾಗ ಆರು ಬಗೆ ಸಿಕ್ಕಿತು: ಮೆಟ್‌ಫಾರ್ಮಿನ್ 500, ಟೆಲ್ಮಿಸಾರ್ಟನ್ 40, ಥೈರಾಕ್ಸಿನ್ 50, ಅಟೋರ್ವಸ್ಟಾಟಿನ್ 10, ಒಂದು ಕ್ಯಾಲ್ಸಿಯಂ, ಮತ್ತು ಮಂಡಿ ನೋವಿಗೆಂದು ಅತ್ತೆ ತಾವೇ ತರಿಸಿಕೊಂಡಿದ್ದ ಡೈಕ್ಲೋಫೆನಾಕ್. ಪಟ್ಟಿ ಶುರುವಾಗಬೇಕಾದದ್ದು ಇಲ್ಲಿಂದ. ಕೇಳುತ್ತಾ ಹೋದಂತೆ ಪ್ರತಿಯೊಂದು ಸ್ಟ್ರಿಪ್‌ನ ಹಣೆಬರಹ ತೀರ್ಮಾನವಾಗಬೇಕು: ಹಾಗೇ ಮುಂದುವರಿಯುವುದು, ಪ್ರಮಾಣ ಬದಲಾದದ್ದು, ನಿಲ್ಲಿಸಬೇಕಾದದ್ದು, ಇಲ್ಲವೇ ಅದರ ಬಗ್ಗೆ ಡಾಕ್ಟರು ಮಾತೇ ಆಡಲಿಲ್ಲ ಎಂಬುದು. ಹೊಸದಾಗಿ ಬರೆದುಕೊಟ್ಟವು ಬೇರೆ. ಈ ವಿಂಗಡಣೆ ಆಗದೆ ಮಾಡಿದ ಪಟ್ಟಿ ಎಷ್ಟು ಚೆನ್ನಾಗಿ ಕಂಡರೂ ಅರ್ಧ ಪಟ್ಟಿಯೇ.

ಮೊದಲ ಸಲ ಸುಮ್ಮನೆ ಪೂರ್ತಿ ಕೇಳಿ, ಏನನ್ನೂ ಬರೆದುಕೊಳ್ಳಬೇಡಿ. ಕಾರಣ ಇದು. ಅತ್ತೆಯ ರೆಕಾರ್ಡಿಂಗಿನಲ್ಲಿ ಮೂರನೇ ನಿಮಿಷದ ಹೊತ್ತಿಗೆ ಡಾಕ್ಟರು ರಿಪೋರ್ಟ್ ನೋಡುತ್ತಾ, "ಶುಗರ್ ಜಾಸ್ತಿ ಇದೆ ಅಮ್ಮ. ಮೆಟ್‌ಫಾರ್ಮಿನ್ ಐನೂರು ತಗೊತಿದೀರಲ್ಲ, ಅದನ್ನ ಸಾವಿರ ಮಾಡೋಣ" ಎನ್ನುತ್ತಾರೆ. ಅಲ್ಲಿಗೇ ನಿಲ್ಲಿಸಿ ಬರೆದುಕೊಂಡವರ ಪಟ್ಟಿಯಲ್ಲಿ ಮೆಟ್‌ಫಾರ್ಮಿನ್ 1000 ಆಗಿರುತ್ತದೆ. ಆದರೆ ಡಾಕ್ಟರು ಹಾಳೆ ಮಗುಚುವ ಸದ್ದು ಕೇಳುತ್ತದೆ, ಮಗನನ್ನು ಏನೋ ಕೇಳುತ್ತಾರೆ, ಆಮೇಲೆ, "ಇರಿ, ಕ್ರಿಯಾಟಿನಿನ್ 1.3 ಇದೆಯಲ್ಲ. ಬೇಡ, ಐನೂರೇ ಇರಲಿ, ಬೆಳಿಗ್ಗೆ ರಾತ್ರಿ. ಅದರ ಜೊತೆಗೆ ಇನ್ನೊಂದು ಕೊಡ್ತೀನಿ" ಎಂದು ಹೇಳುತ್ತಾರೆ. ಈ ವಯಸ್ಸಿನ ಹೆಂಗಸಿನಲ್ಲಿ ಕ್ರಿಯಾಟಿನಿನ್ 1.3 ಎಂದರೆ ಮೂತ್ರಪಿಂಡದ ಕೆಲಸ ಸಾಕಷ್ಟು ತಗ್ಗಿದೆ ಎಂದರ್ಥ. ಆ ಸ್ಥಿತಿಯಲ್ಲಿ ಮೆಟ್‌ಫಾರ್ಮಿನ್ ಹೆಚ್ಚಿಸಲು ವೈದ್ಯರು ಹಿಂದೆಮುಂದೆ ನೋಡುತ್ತಾರೆ. ಹಾಗಾಗಿ ಅವರು ಕೊಟ್ಟದ್ದು ಲಿನಾಗ್ಲಿಪ್ಟಿನ್ 5. ಇದಕ್ಕೆ ಮೂತ್ರಪಿಂಡದ ಸ್ಥಿತಿ ನೋಡಿಕೊಂಡು ಪ್ರಮಾಣ ಬದಲಿಸಬೇಕಾಗಿಲ್ಲ.

ಡಾಕ್ಟರು ನಮ್ಮೆದುರಿಗೇ ಯೋಚನೆ ಮಾಡುತ್ತಾರೆ. ಒಂದು ಹೇಳಿ, ರಿಪೋರ್ಟ್ ನೋಡಿ, ಅದನ್ನು ಹಿಂತೆಗೆದುಕೊಂಡು, ಇನ್ನೊಂದು ಹೇಳುತ್ತಾರೆ. ಒಳ್ಳೆಯ ಡಾಕ್ಟರ ಲಕ್ಷಣ ಅದು. ಆದರೆ ಪಟ್ಟಿಗೆ ಬೇಕಾದದ್ದು ಯೋಚನೆಯಲ್ಲ, ತೀರ್ಮಾನ. ಒಂದೇ ಔಷಧಿಯ ಹೆಸರು ಎರಡು ಮೂರು ಕಡೆ ಬಂದಿದ್ದರೆ, ಕೊನೆಯ ಸಲ ಅದರ ಬಗ್ಗೆ ಏನು ಹೇಳಿದರು ಎಂಬುದು ಮಾತ್ರ ಹಾಳೆಗೆ ಬರಬೇಕು. ನಾನು ಪ್ರತಿ ಸಾಲಿನ ಪಕ್ಕದಲ್ಲಿ ಅದು ಎಷ್ಟನೇ ನಿಮಿಷದಲ್ಲಿ ಬಂತೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಯಾರಾದರೂ ಅನುಮಾನಪಟ್ಟರೆ ಇಡೀ ರೆಕಾರ್ಡಿಂಗ್ ಮತ್ತೆ ಕೇಳಬೇಕಾಗುವುದಿಲ್ಲ, ಆ ಜಾಗಕ್ಕೇ ಹೋಗಬಹುದು.

ಮಾತು ಯಾರದು ಎಂಬುದೂ ಅಷ್ಟೇ ಮುಖ್ಯ. ಐದನೇ ನಿಮಿಷದಲ್ಲಿ ಅತ್ತೆ ಹೇಳುತ್ತಾರೆ, "ಮಂಡಿಗೆ ಮೆಡಿಕಲ್‌ನವರು ಕೊಟ್ಟ ಮಾತ್ರೆ ಒಳ್ಳೇದಾಯ್ತು, ದಿನಾ ಒಂದು ತಗೊಂಡ್ರೆ ಓಡಾಡ್ಬೋದು." ಮಾತನ್ನು ಅಕ್ಷರಕ್ಕಿಳಿಸಿ ಓದುವಾಗ ಯಾರ ಮಾತು ಯಾವುದು ಎಂಬ ಗುರುತು ಇಲ್ಲದೆ ಹೋದರೆ, ಈ ಸಾಲು ಡಾಕ್ಟರ ಸಲಹೆಯಂತೆಯೇ ಕಾಣುತ್ತದೆ. ಅದಕ್ಕೆ ಡಾಕ್ಟರ ಉತ್ತರ ಬೇರೆಯೇ ಇತ್ತು: "ಅದನ್ನ ಇವತ್ತಿಂದಲೇ ಬಿಟ್ಟುಬಿಡಿ ಅಮ್ಮ, ಕಿಡ್ನಿಗೆ ಒಳ್ಳೇದಲ್ಲ, ಬಿಪಿನೂ ಏರಿಸುತ್ತೆ. ನೋವು ತಡೆಯಕ್ಕಾಗದಿದ್ರೆ ಪ್ಯಾರಾಸಿಟಮಾಲ್ 650 ತಗೊಳ್ಳಿ, ದಿನಕ್ಕೆ ಎರಡಕ್ಕಿಂತ ಹೆಚ್ಚು ಬೇಡ." ಚೀಟಿಯಲ್ಲಿ ನೋಡಿದರೆ ಪ್ಯಾರಾಸಿಟಮಾಲ್ ಇದೆ, ಪಕ್ಕದಲ್ಲಿ ಎಸ್‌ಒಎಸ್ ಎಂದು ಬರೆದಿದೆ. ಬೇಕೆನಿಸಿದಾಗ ಮಾತ್ರ ಎಂದು ಅದರ ಅರ್ಥ. ಡೈಕ್ಲೋಫೆನಾಕ್ ನಿಲ್ಲಿಸಿ ಎಂಬುದು ಚೀಟಿಯಲ್ಲಿ ಎಲ್ಲೂ ಇಲ್ಲ. ನಾನು ಕಂಡ ಚೀಟಿಗಳಲ್ಲಿ ಹೆಚ್ಚಿನವು ಹೀಗೇ. ಕೊಳ್ಳುವುದಕ್ಕೆ ಸಾಲು ಇರುತ್ತದೆ, ಬಿಡುವುದಕ್ಕೆ ಸಾಲು ಇರುವುದಿಲ್ಲ. ಹಾಗಾಗಿ ನಾವು ಮಾಡುವ ಹಾಳೆಯಲ್ಲಿ "ನಿಲ್ಲಿಸಬೇಕಾದದ್ದು" ಎಂಬುದು ದಪ್ಪ ಅಕ್ಷರದಲ್ಲಿ, ಮೇಲ್ಗಡೆಯೇ ಇರಬೇಕು. ಆ ಸ್ಟ್ರಿಪ್ಪನ್ನೂ ಮನೆಯಿಂದ ಹೊರಗೆ ಹಾಕಬೇಕು, ಕಣ್ಣೆದುರಿಗಿದ್ದರೆ ನೋವು ಬಂದ ರಾತ್ರಿ ಕೈ ಅದರ ಕಡೆಗೇ ಹೋಗುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಕಷ್ಟವೆನಿಸುವ ಜಾಗ, ಡಾಕ್ಟರು ಏನೂ ಹೇಳದೆ ಬಿಟ್ಟ ಮಾತ್ರೆ. ಬಿಪಿ ಮಾತ್ರೆಗೆ "ಅದೇ ಇರಲಿ" ಎಂದರು. ಥೈರಾಯ್ಡ್‌ಗೆ ಹೇಳಿದರು, ಕ್ಯಾಲ್ಸಿಯಂಗೆ ಹೇಳಿದರು. ರಾತ್ರಿ ತೆಗೆದುಕೊಳ್ಳುವ ಅಟೋರ್ವಸ್ಟಾಟಿನ್ ಬಗ್ಗೆ ಹನ್ನೊಂದು ನಿಮಿಷದಲ್ಲಿ ಒಂದು ಮಾತೂ ಇಲ್ಲ, ಹೊಸ ಚೀಟಿಯಲ್ಲೂ ಇಲ್ಲ. ಇಂಥ ಕಡೆ ಪಟ್ಟಿ ಬರೆಯುವವನಿಗೆ ಎರಡು ಆಸೆಗಳು ಹುಟ್ಟುತ್ತವೆ. ಚೀಟಿಯಲ್ಲಿ ಇಲ್ಲವಲ್ಲ, ನಿಲ್ಲಿಸಿದ್ದಾರೆ ಎಂದು ಬರೆದುಬಿಡೋಣ ಎಂಬುದು ಒಂದು. ಶುಗರ್ ಇರುವವರಿಗೆ ಇದು ಬೇಕಾದ ಮಾತ್ರೆಯೇ, ಮುಂದುವರಿಸಿ ಎಂದು ಬರೆಯೋಣ ಎಂಬುದು ಇನ್ನೊಂದು. ಎರಡನೆಯದು ವೈದ್ಯಶಾಸ್ತ್ರದ ಪ್ರಕಾರ ಸರಿಯಿರಬಹುದು. ಆದರೂ ಎರಡನ್ನೂ ಮಾಡಬಾರದು. ಅತ್ತೆಯ ಡಾಕ್ಟರು ಹೇಳದ ಮಾತನ್ನು ಅವರ ಹೆಸರಿನಲ್ಲಿ ಹಾಳೆಗೆ ಸೇರಿಸುವ ಹಕ್ಕು ನನಗಿಲ್ಲ, ನಾನು ಔಷಧಿ ಓದಿಕೊಂಡವನಾದರೂ ಇಲ್ಲ. ಹಾಳೆಯಲ್ಲಿ "ಕೇಳಬೇಕಾದದ್ದು" ಎಂಬ ಒಂದು ಜಾಗ ಮಾಡಿ ಅಲ್ಲಿ ಬರೆದೆವು. ಮಗ ಅವತ್ತೇ ಕ್ಲಿನಿಕ್ಕಿಗೆ ಫೋನ್ ಮಾಡಿದ. ಮಾತ್ರೆ ಇನ್ನೂ ಇರಬಹುದು ಅಂದುಕೊಂಡು ಬರೆದಿರಲಿಲ್ಲ, ಮುಂದುವರಿಸಲಿ ಎಂದು ಡಾಕ್ಟರು ತಿಳಿಸಿದರು. ಒಂದು ಫೋನಿನಲ್ಲಿ ಮುಗಿಯುವ ವಿಷಯ. ಕೇಳದೆ ಹೋಗಿದ್ದರೆ ಸ್ಟ್ರಿಪ್ ಖಾಲಿಯಾದ ದಿನ ಮಾತ್ರೆ ತಾನಾಗಿಯೇ ನಿಂತುಹೋಗುತ್ತಿತ್ತು.

ಅಂಕಿಗಳ ವಿಷಯಕ್ಕೆ ಬರುತ್ತೇನೆ. ಥೈರಾಕ್ಸಿನ್ ಬಗ್ಗೆ ಡಾಕ್ಟರು ಮಾತಾಡುವಾಗ ಫ್ಯಾನಿನ ಸದ್ದಿನಲ್ಲಿ "ಫಿಫ್ಟಿ" ಎಂದರೋ "ಫಿಫ್ಟೀನ್" ಎಂದರೋ ಸ್ಪಷ್ಟವಿಲ್ಲ. ನಮ್ಮ ಡಾಕ್ಟರುಗಳು ಕನ್ನಡದಲ್ಲೇ ಮಾತಾಡಿದರೂ ಅಂಕಿಯನ್ನು ಇಂಗ್ಲಿಷಿನಲ್ಲೇ ಹೇಳುವುದು ಹೆಚ್ಚು. ಅದರಲ್ಲಿ ಈ ಹದಿನೈದು ಐವತ್ತು, ಹದಿಮೂರು ಮೂವತ್ತರ ಗೊಂದಲ ಎಲ್ಲ ಕಡೆಯೂ ಇದೆ. ಇಂಥ ಕಡೆ ಕಿವಿಯನ್ನು ನಂಬಬೇಡಿ. ಚೀಟಿ ನೋಡಿ, ಸ್ಟ್ರಿಪ್ ನೋಡಿ, ಮೂರೂ ಹೊಂದಿದರೆ ಮಾತ್ರ ಬರೆಯಿರಿ. ಸ್ಟ್ರಿಪ್‌ನ ಮೇಲೆ 50 ಮೈಕ್ರೋಗ್ರಾಂ ಎಂದಿತ್ತು, ಚೀಟಿಯಲ್ಲೂ ಹಾಗೇ ಇತ್ತು, ಅಲ್ಲಿಗೆ ಸಂದೇಹ ತೀರಿತು. ಔಷಧಿಯ ಹೆಸರಿಗೂ ಇದೇ ನಿಯಮ. ಮೊಬೈಲಿನಲ್ಲಿ ಮಾತನ್ನು ಅಕ್ಷರ ಮಾಡಿಕೊಡುವ ಸೌಲಭ್ಯ ಈಗ ಇದೆ, ಉಪಯೋಗವೂ ಇದೆ, ಆದರೆ ಔಷಧಿಯ ಹೆಸರು ಬಂದಾಗ ಅದು ಹತ್ತಿರದ ಇನ್ಯಾವುದೋ ಪದವನ್ನು ತಂದು ಕೂರಿಸಬಹುದು. ಮೆಟ್‌ಫಾರ್ಮಿನ್ ಶುಗರ್‌ಗೆ, ಮೆಟ್ರೊನಿಡಜೋಲ್ ಭೇದಿ ಸೋಂಕಿಗೆ. ಇವೆರಡು ಅದಲುಬದಲಾಗುವುದು ಔಷಧಿ ಕೊಡುವವರ ಕೈಯಲ್ಲೇ ಆದದ್ದುಂಟು. ಹೆಸರನ್ನು ಸ್ಟ್ರಿಪ್‌ನ ಮೇಲಿನ ಅಕ್ಷರಗಳಿಂದಲೇ ನೋಡಿ ಬರೆಯಬೇಕು. ಚೀಟಿಯ ಬರಹ ಓದಲಾಗದಿದ್ದರೆ ಸಂಕೋಚವಿಲ್ಲದೆ ಕೇಳಿ. ಔಷಧಿಯ ಹೆಸರನ್ನು ಓದಲು ಬರುವಂತೆ, ಸಾಧ್ಯವಾದಷ್ಟೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯಕೀಯ ಮಂಡಳಿಯ ನಿಯಮದಲ್ಲಿ 2016ರಲ್ಲೇ ಸೇರಿಸಲಾಗಿದೆ.

ಅಂಕಿಗಿಂತ ದೊಡ್ಡ ಅಪಾಯ "ಎಷ್ಟು ದಿನಕ್ಕೊಮ್ಮೆ" ಎಂಬುದರಲ್ಲಿದೆ. ಅತ್ತೆಗೆ ವಿಟಮಿನ್ ಡಿ 60,000 ಬರೆದುಕೊಟ್ಟಿದ್ದರು, ವಾರಕ್ಕೊಂದು, ಎಂಟು ವಾರ. ಉಳಿದ ಮಾತ್ರೆಗಳೆಲ್ಲ ದಿನವೂ ನುಂಗುವಂಥವು. ಅವುಗಳ ಸಾಲಿನಲ್ಲೇ ಇದನ್ನೂ ಬರೆದರೆ ಕಣ್ಣು ಜಾರಿ ದಿನವೂ ತೆಗೆದುಕೊಳ್ಳುವುದು ಬಹಳ ಸುಲಭ. ವಿಟಮಿನ್ ಡಿ ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ, ಮಂಪರು, ಮೂತ್ರಪಿಂಡಕ್ಕೆ ಪೆಟ್ಟು ಎಲ್ಲ ಆಗುತ್ತವೆ. ಕೀಲುವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ತಪ್ಪಿ ದಿನವೂ ನುಂಗಿ ಜೀವ ಹೋದ ಪ್ರಕರಣಗಳು ಜಗತ್ತಿನಾದ್ಯಂತ ದಾಖಲಾಗಿವೆ. ಹಾಗಾಗಿ ವಾರದ ಮಾತ್ರೆಗೆ ಹಾಳೆಯಲ್ಲಿ ಬೇರೆಯೇ ಜಾಗ ಇರಲಿ. "ವಾರಕ್ಕೊಮ್ಮೆ" ಎಂದಷ್ಟೇ ಬರೆಯದೆ ವಾರದ ಹೆಸರನ್ನೇ ಬರೆಯಿರಿ. ಅತ್ತೆ ಭಾನುವಾರ ಎಂದು ಆರಿಸಿಕೊಂಡರು. ಎಂಟು ಭಾನುವಾರಗಳ ತಾರೀಖುಗಳನ್ನೂ ಬರೆದು, ತೆಗೆದುಕೊಂಡ ದಿನ ಅದರ ಮೇಲೆ ಅಡ್ಡಗೆರೆ ಹಾಕುವಂತೆ ಮಾಡಿದೆವು. ಕೊನೆಯ ತಾರೀಖು ಬಂದಾಗ ಮಾತ್ರೆ ನಿಲ್ಲಬೇಕೆಂದು ಯಾರೂ ನೆನಪಿಸಬೇಕಾಗಿಲ್ಲ.

ರೆಕಾರ್ಡಿಂಗನ್ನು ಕೊನೆಯವರೆಗೂ ಕೇಳಿ ಎಂದು ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಹತ್ತನೇ ನಿಮಿಷಕ್ಕೆ ಕುರ್ಚಿ ಸರಿಯುವ ಸದ್ದು ಬರುತ್ತದೆ, ಅತ್ತೆ ಎದ್ದಿದ್ದಾರೆ, "ಬರ್ತೀವಿ ಸಾರ್" ಎಂದೂ ಆಯಿತು. ಆಗ ಡಾಕ್ಟರು ಹಿಂದಿನಿಂದ, "ಅಮ್ಮ, ಒಂದು ಮಾತು. ವಾಂತಿ ಭೇದಿ ಏನಾದ್ರೂ ಆಗಿ ಊಟ ನೀರು ಸೇರ್ತಿಲ್ಲ ಅಂದ್ರೆ ಶುಗರ್‌ದು ಐನೂರು, ಬಿಪಿ ಮಾತ್ರೆ, ಎರಡೂ ಅವತ್ತು ತಗೋಬೇಡಿ, ನನಗೆ ಫೋನ್ ಮಾಡಿ" ಎನ್ನುತ್ತಾರೆ. ಇಡೀ ಭೇಟಿಯಲ್ಲಿ ಇದರಷ್ಟು ಬೆಲೆಯ ಮಾತು ಇನ್ನೊಂದಿಲ್ಲ. ದೇಹದಲ್ಲಿ ನೀರು ಬತ್ತಿದಾಗ ಈ ಎರಡು ಮಾತ್ರೆಗಳನ್ನು ಹಾಗೇ ಮುಂದುವರಿಸಿದರೆ, ಮೊದಲೇ ಸೋತಿರುವ ಮೂತ್ರಪಿಂಡಕ್ಕೆ ಒಮ್ಮೆಲೇ ತೊಂದರೆಯಾಗಬಹುದು. ಇದನ್ನು ಬರೆಯುವಾಗ ಷರತ್ತನ್ನು ಬಿಟ್ಟು ಬರೆಯುವಂತಿಲ್ಲ. "ಮೆಟ್‌ಫಾರ್ಮಿನ್, ಬಿಪಿ ಮಾತ್ರೆ ನಿಲ್ಲಿಸಿ" ಎಂದು ಚುಟುಕು ಮಾಡಿದರೆ ಅರ್ಥವೇ ತಿರುಗಿಬೀಳುತ್ತದೆ. ಏನಾದರೆ, ಏನು ಮಾಡಬೇಕು, ಆಮೇಲೆ ಯಾರಿಗೆ ಹೇಳಬೇಕು ಎಂಬ ಮೂರೂ ಒಂದೇ ವಾಕ್ಯದಲ್ಲಿ, ಅದೇ ಕ್ರಮದಲ್ಲಿ ಬರಬೇಕು.

ಬಿಟ್ಟದ್ದೂ ಬಹಳ ಇದೆ. ಮೂರು ತಿಂಗಳ ಸಕ್ಕರೆಯ ಸರಾಸರಿ 8.4 ಯಾಕೆ ಆಯಿತು ಎಂಬ ವಿವರಣೆ, ಮಂಡಿ ಸವೆತ ಹೇಗಾಗುತ್ತದೆ ಎಂಬ ಮಾತು, ಡಾಕ್ಟರ ತಾಯಿಗೂ ಇದೇ ಕಾಯಿಲೆ ಇತ್ತೆಂಬ ಸಂಗತಿ ಯಾವುದೂ ಹಾಳೆಗೆ ಬರಲಿಲ್ಲ. ಅವನ್ನು ಮಗ ಮತ್ತೊಮ್ಮೆ ಕೇಳಿಸಿಕೊಳ್ಳಬಹುದು. ಊಟದ ಬಗ್ಗೆ ಡಾಕ್ಟರು ಸಾಕಷ್ಟು ಹೊತ್ತು ಮಾತಾಡಿದ್ದರು. ಅದರಲ್ಲಿ ಅತ್ತೆ ಕೈಯಲ್ಲಿ ಮಾಡಬಹುದಾದದ್ದು ಒಂದೇ: ರಾತ್ರಿ ಸಣ್ಣ ಮುದ್ದೆ ಅಥವಾ ಒಂದು ಬಟ್ಟಲು ಅನ್ನ, ಎರಡೂ ಅಲ್ಲ. ಅದನ್ನಷ್ಟೇ ಬರೆದೆವು. ಪ್ರತಿ ಔಷಧಿಯ ಕಾರಣವನ್ನು ಮಾತ್ರ ಒಂದೆರಡು ಪದಗಳಲ್ಲಿ ಉಳಿಸಿಕೊಂಡರೆ ಒಳ್ಳೆಯದು: ಶುಗರ್‌ಗೆ, ಬಿಪಿಗೆ. ಮಾತ್ರೆ ಯಾಕೆಂದು ಗೊತ್ತಿದ್ದವರು ಅದನ್ನು ಸುಲಭಕ್ಕೆ ಬಿಡುವುದಿಲ್ಲ.

ಕೊನೆಗೆ ಉಳಿದ ಹಾಳೆ ಹೀಗಿತ್ತು. ಗಂಟೆಯ ಬದಲು ಅತ್ತೆಯ ದಿನಚರಿಯನ್ನು ಹಿಡಿದು ಬರೆದದ್ದು. ಓಡಿ, ಬಿಡಿ ಎಂಬ ಚೀಟಿಯ ಸಂಕ್ಷೇಪಗಳನ್ನು, 1-0-1 ಎಂಬ ಬರಹವನ್ನು ಪೂರ್ತಿ ಬಿಡಿಸಿ ಬರೆದೆವು.

ನಿಲ್ಲಿಸಿದ್ದು: ಡೈಕ್ಲೋಫೆನಾಕ್. ಇನ್ನು ತೆಗೆದುಕೊಳ್ಳಬಾರದು.

ಎದ್ದ ಕೂಡಲೇ, ಖಾಲಿ ಹೊಟ್ಟೆಯಲ್ಲಿ: ಥೈರಾಕ್ಸಿನ್ 50, ಒಂದು, ನೀರಿನಲ್ಲಿ. ಕಾಫಿ ಅರ್ಧ ಗಂಟೆ ಬಿಟ್ಟು.

ಬೆಳಿಗ್ಗೆ ತಿಂಡಿ ಆದ ಮೇಲೆ: ಮೆಟ್‌ಫಾರ್ಮಿನ್ 500, ಒಂದು (ಶುಗರ್‌ಗೆ, ಮೊದಲಿನಂತೆ). ಲಿನಾಗ್ಲಿಪ್ಟಿನ್ 5, ಒಂದು (ಶುಗರ್‌ಗೆ, ಹೊಸದು). ಟೆಲ್ಮಿಸಾರ್ಟನ್ 40, ಒಂದು (ಬಿಪಿಗೆ, ಮೊದಲಿನಂತೆ).

ಮಧ್ಯಾಹ್ನ ಊಟ ಆದ ಮೇಲೆ: ಕ್ಯಾಲ್ಸಿಯಂ, ಒಂದು. ಬೆಳಿಗ್ಗೆ ಥೈರಾಯ್ಡ್ ಮಾತ್ರೆಯ ಜೊತೆ ಬೇಡ.

ರಾತ್ರಿ ಊಟ ಆದ ಮೇಲೆ: ಮೆಟ್‌ಫಾರ್ಮಿನ್ 500, ಒಂದು. ಅಟೋರ್ವಸ್ಟಾಟಿನ್ 10, ಒಂದು (ಕೊಲೆಸ್ಟರಾಲ್‌ಗೆ, ಫೋನಿನಲ್ಲಿ ಕೇಳಿದ್ದು).

ಭಾನುವಾರ ಮಾತ್ರ: ವಿಟಮಿನ್ ಡಿ 60,000, ಒಂದು. ಎಂಟು ಭಾನುವಾರ, ಆಮೇಲೆ ಬೇಡ.

ಮಂಡಿ ನೋವು ತಡೆಯಲಾಗದಿದ್ದರೆ ಮಾತ್ರ: ಪ್ಯಾರಾಸಿಟಮಾಲ್ 650, ಒಂದು. ದಿನಕ್ಕೆ ಎರಡಕ್ಕಿಂತ ಹೆಚ್ಚು ಬೇಡ.

ವಾಂತಿ ಭೇದಿಯಾಗಿ ಊಟ ನೀರು ಸೇರದಿದ್ದರೆ: ಅವತ್ತು ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್ ಎರಡೂ ಬೇಡ. ಡಾಕ್ಟರಿಗೆ ಫೋನ್ ಮಾಡುವುದು.

ರಾತ್ರಿ ಊಟಕ್ಕೆ: ಸಣ್ಣ ಮುದ್ದೆ ಅಥವಾ ಒಂದು ಬಟ್ಟಲು ಅನ್ನ, ಎರಡೂ ಅಲ್ಲ.

ಒಂದು ತಿಂಗಳಿಗೆ: ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ರಿಪೋರ್ಟ್ ಹಿಡಿದು ಭೇಟಿ.

ಇದು ಅತ್ತೆಯ ಹಾಳೆ, ಅವರ ರಿಪೋರ್ಟ್ ನೋಡಿ ಅವರ ಡಾಕ್ಟರು ಹೇಳಿದ್ದು. ದಯವಿಟ್ಟು ಯಾರೂ ಇದನ್ನು ನೋಡಿ ತಮ್ಮ ಮಾತ್ರೆ ಬದಲಿಸಿಕೊಳ್ಳಬೇಡಿ. ಇದೇ ಮೂರು ಕಾಯಿಲೆಗಳಿರುವ ಪಕ್ಕದ ಮನೆಯವರಿಗೆ ಬೇರೆಯದೇ ಹಾಳೆ ಇರುತ್ತದೆ.

ಬರೆದಾದ ಮೇಲೆ ಹಾಳೆಯನ್ನು ಅತ್ತೆಯ ಕೈಗೆ ಕೊಟ್ಟು, ಅವರಿಂದಲೇ ಗಟ್ಟಿಯಾಗಿ ಓದಿಸಿದೆವು. ಓದಿದ್ದು ಸರಿಯಿತ್ತು. ಆದರೆ "ನಾಳೆ ಬೆಳಿಗ್ಗೆ ಎದ್ದು ಏನೇನು ಮಾಡ್ತೀರಿ, ಮಾಡಿ ತೋರಿಸಿ" ಎಂದು ಕೇಳಿದಾಗ ಅವರು ಥೈರಾಕ್ಸಿನ್ ತೆಗೆದುಕೊಂಡು ಕೂಡಲೇ ಕಾಫಿ ಲೋಟಕ್ಕೆ ಕೈ ಹಾಕಿದರು. ವರ್ಷಗಳ ಅಭ್ಯಾಸ ಅದು. ಮಾತ್ರೆಯನ್ನು ಹಾಸಿಗೆಯ ಪಕ್ಕದಲ್ಲೇ ನೀರಿನ ಜೊತೆ ಇಟ್ಟುಕೊಂಡು, ಮುಖ ತೊಳೆಯುವ ಮೊದಲೇ ತೆಗೆದುಕೊಳ್ಳುವುದೆಂದು ಅವರೇ ದಾರಿ ಕಂಡುಕೊಂಡರು. ಓದಿಸುವುದರಿಂದ ಅಕ್ಷರ ಸರಿಯಿದೆಯೇ ಎಂದು ತಿಳಿಯುತ್ತದೆ, ಮಾಡಿಸುವುದರಿಂದ ಅರ್ಥ ತಲುಪಿದೆಯೇ ಎಂದು ತಿಳಿಯುತ್ತದೆ. ಎರಡನ್ನೂ ಮಾಡಿ.

ರೆಕಾರ್ಡ್ ಮಾಡುವಾಗ ಡಾಕ್ಟರನ್ನು ಕೇಳದೆ ಮೊಬೈಲ್ ಜೇಬಿನಲ್ಲಿಟ್ಟು ಮಾಡಬೇಡಿ. "ಮನೆಯಲ್ಲಿ ಮರೆತುಹೋಗುತ್ತೆ ಸಾರ್, ನಿಮ್ಮ ಮಾತು ರೆಕಾರ್ಡ್ ಮಾಡಿಕೊಳ್ಳಲಾ?" ಎಂದರೆ ಒಪ್ಪುವವರು ಒಪ್ಪುತ್ತಾರೆ. ಒಪ್ಪದಿದ್ದರೆ ಬಲವಂತ ಬೇಡ. ಕೊನೆಯ ಒಂದು ನಿಮಿಷ ಮಾತ್ರ, ಏನು ತೆಗೆದುಕೊಳ್ಳಬೇಕು, ಏನು ಬಿಡಬೇಕು ಎಂದು ಒಟ್ಟಾಗಿ ಹೇಳುವಾಗ ರೆಕಾರ್ಡ್ ಮಾಡಿಕೊಳ್ಳಲು ಬಿಡಿ ಎಂದು ಕೇಳಿನೋಡಿ. ಆ ಧ್ವನಿಯನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಅದು ರೋಗಿಯ ಸ್ವಂತ ವಿಷಯ, ನೋಡಿಕೊಳ್ಳುವವರ ಹತ್ತಿರ ಮಾತ್ರ ಇರಲಿ.

ಹಾಳೆಯ ತಲೆಯಲ್ಲಿ ತಾರೀಖು ಬರೆಯಿರಿ, ಹೊಸ ಹಾಳೆ ಬಂದ ದಿನ ಹಳೆಯದನ್ನು ಹರಿದುಹಾಕಿ. ಮುಂದಿನ ಭೇಟಿಗೆ ಹೋಗುವಾಗ ಅದನ್ನು ತೆಗೆದುಕೊಂಡು ಹೋಗಿ, ಡಾಕ್ಟರ ಮೇಜಿನ ಮೇಲಿಟ್ಟು, "ನೀವು ಹೇಳಿದ್ದನ್ನು ನಾವು ಹೀಗೆ ಬರೆದುಕೊಂಡಿದ್ದೇವೆ, ಸರಿಯಿದೆಯಾ ನೋಡಿ" ಎಂದು ಕೇಳಿ.